ಲಕ್ವ ಹೊಡೆದವರು ಬರೀ ‘ಅದಲ್ಲ’ ಅಂದಾಗ ಮುಂದೆ ಏನು ಕೇಳಬೇಕು?

ಲಕ್ವ ಹೊಡೆದು ಮಾತು ಕಳೆದುಕೊಂಡವರಿರುವ ಮನೆಗಳಲ್ಲಿ ದಿನಕ್ಕೆ ಎಷ್ಟೋ ಸಲ ನಡೆಯುವ ಮಾತುಕತೆ ಇದು. “ನೀರು ಬೇಕಾ?” “ಅಲ್ಲ.” “ಕಾಫಿನಾ?” “ಅಲ್ಲ, ಅಲ್ಲ.” “ಫ್ಯಾನ್ ಹಾಕ್ಲಾ?” “ಅದಲ್ಲ!” “ಮತ್ತಿನ್ನೇನು? ಬಾಯ್ಬಿಟ್ಟು ಹೇಳಿದ್ರೆ ತಾನೆ ಗೊತ್ತಾಗೋದು.” ಬಾಯಿಬಿಟ್ಟು ಹೇಳಲಾಗದಿರುವುದೇ ಅವರ ಕಾಯಿಲೆ. ನೀವು ಹೇಳಿದ್ದು ತಪ್ಪು ಅನ್ನುವುದು ಅವರಿಗೆ ಖಚಿತವಾಗಿ ಗೊತ್ತು. ಸರಿಯಾದದ್ದು ಯಾವುದು, ನಿಮ್ಮ ಊಹೆ ಎಲ್ಲಿ ದಾರಿ ಬಿಟ್ಟಿತು ಅನ್ನುವುದನ್ನು ಮಾತ್ರ ಹೇಳಲು ಬರುವುದಿಲ್ಲ. ಇನ್ನೆರಡು ಊಹೆಗಳಾದ ಮೇಲೆ ಕೇಳುವವರಿಗೂ ಸಾಕಾಗುತ್ತದೆ, ಹೇಳುವವರಿಗೂ ಕಣ್ಣೀರು ಬರುತ್ತದೆ, ವಿಷಯ ಅಲ್ಲಿಗೇ ಬಿದ್ದುಹೋಗುತ್ತದೆ.

ಆ ‘ಅದಲ್ಲ’ದಿಂದ ತಿಳಿದುಕೊಳ್ಳಬಹುದಾದದ್ದು ಬಹಳ ಇದೆ. ಆದರೆ ಎಷ್ಟು ತಿಳಿಯುತ್ತದೆ ಅನ್ನುವುದು ನಾವು ಅದಕ್ಕೆ ಮುಂಚೆ ಯಾವ ಪ್ರಶ್ನೆ ಕೇಳಿದ್ದೆವು ಅನ್ನುವುದನ್ನು ಅವಲಂಬಿಸಿದೆ. ಪ್ರಶ್ನೆ ಬದಲಾದರೆ ಅದೇ ‘ಅಲ್ಲ’ ಹೆಚ್ಚು ಹೇಳುತ್ತದೆ.

ಮೊದಲು, ಇದು ಯಾಕಾಗುತ್ತದೆ ಎಂದು ನೋಡೋಣ. ಹೆಚ್ಚಿನವರಲ್ಲಿ ಭಾಷೆಯ ಕೆಲಸ ನಡೆಯುವುದು ಮೆದುಳಿನ ಎಡಭಾಗದಲ್ಲಿ. ಅಲ್ಲಿಗೆ ರಕ್ತ ನಿಂತರೆ ದೇಹದ ಬಲಭಾಗದ ಕೈಕಾಲು ಸೋಲುವುದರ ಜೊತೆಗೆ ಮಾತೂ ಕೆಡುತ್ತದೆ. ಇದಕ್ಕೆ ಅಫೇಸಿಯಾ ಎನ್ನುತ್ತಾರೆ. ಲಕ್ವ ಹೊಡೆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಇದು ಕಾಣಿಸಿಕೊಳ್ಳುತ್ತದೆ. ನಾಲಿಗೆ ಎಳೆದು ಮಾತು ತೊದಲುವುದು ಬೇರೆ ತೊಂದರೆ. ಅಲ್ಲಿ ಪದ ಸಿಕ್ಕಿರುತ್ತದೆ, ಉಚ್ಚಾರ ಮಾತ್ರ ಸೋತಿರುತ್ತದೆ. ಅಫೇಸಿಯಾದಲ್ಲಿ ಪದವೇ ಕೈಗೆ ಸಿಗುವುದಿಲ್ಲ. ಹೇಳಬೇಕಾದ ಸಂಗತಿ ಮನಸ್ಸಿನಲ್ಲಿ ಸ್ಪಷ್ಟವಾಗಿರುತ್ತದೆ, ಅದರ ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ. ಬರೆಯಲು ಹೋದರೂ ಸಾಮಾನ್ಯವಾಗಿ ಅದೇ ಪಾಡು, ಏಕೆಂದರೆ ಬರಹಕ್ಕೂ ಅದೇ ಪದಗಳು ಬೇಕು.

ಆದರೆ ಪದವನ್ನು ಹುಡುಕಿ ತೆಗೆಯುವುದು ಕಷ್ಟವಾದರೂ, ಬೇರೆಯವರು ಹೇಳಿದ ಪದವನ್ನು ಗುರುತಿಸುವುದು ಎಷ್ಟೋ ಜನರಿಗೆ ಸಾಧ್ಯವಿರುತ್ತದೆ. ನೀವು ‘ಕಾಫಿ’ ಅಂದ ಕೂಡಲೆ, ತಮ್ಮ ಮನಸ್ಸಿನಲ್ಲಿರುವುದು ಅದಲ್ಲ ಎಂದು ಅವರಿಗೆ ಗೊತ್ತಾಗುತ್ತದೆ. ‘ಅಲ್ಲ’ ಅನ್ನಲು ಗುರುತಿಸುವ ಶಕ್ತಿ ಸಾಕು. ‘ಯಾಕಲ್ಲ’ ಎಂದು ವಿವರಿಸಲು ಹೊಸ ಪದಗಳು ಬೇಕು. ಜೊತೆಗೆ ‘ಹೂಂ’, ‘ಅಲ್ಲ’, ‘ಅಯ್ಯೋ’, ಬೈಗುಳ, ಒಂದು ಎರಡು ಮೂರು ಎಂಬ ಎಣಿಕೆ, ಸಣ್ಣವರಿದ್ದಾಗಿನಿಂದ ಹಾಡಿದ ದೇವರನಾಮ, ಇಂಥವು ಅಭ್ಯಾಸದಿಂದ ತಾವಾಗಿಯೇ ಹೊರಡುವ ಮಾತುಗಳು. ಬೇರೆಲ್ಲ ಹೋದಾಗಲೂ ಇವು ಉಳಿಯುವುದುಂಟು. ನೀರು ಕೇಳಲಾರದ ಅಜ್ಜಿ ಇಡೀ ದೇವರನಾಮವನ್ನು ತಪ್ಪಿಲ್ಲದೆ ಹಾಡಿಬಿಟ್ಟಾಗ ಮನೆಯವರು “ಬೇಕಂತಲೇ ಮಾತಾಡಲ್ಲ” ಎಂದು ತಪ್ಪು ತಿಳಿಯುವುದು ಇದರಿಂದಲೇ. ಹಾಡಿನ ಪದಗಳು ಒಂದರ ಹಿಂದೊಂದು ಬರುತ್ತವೆ. ‘ನೀರು’ ಎಂಬ ಪದವನ್ನು ಬೇಕೆಂದಾಗ ಹುಡುಕಿ ತೆಗೆಯಬೇಕು, ಅವರಿಗೆ ಸೋತಿರುವುದು ಆ ಕೆಲಸ.

1861ರಲ್ಲಿ ಪ್ಯಾರಿಸ್ ಬಳಿಯ ಬಿಸೆತ್ರ್ ಆಸ್ಪತ್ರೆಯಲ್ಲಿ ಪಾಲ್ ಬ್ರೋಕಾ ಎಂಬ ವೈದ್ಯ ನೋಡಿದ ರೋಗಿಯ ವಿಷಯ ಈ ಶಾಸ್ತ್ರ ಓದಿದವರಿಗೆಲ್ಲ ಗೊತ್ತು. ಲೆಬೋರ್ನ್ ಎಂಬ ಆತನ ಬಾಯಲ್ಲಿ ಬರುತ್ತಿದ್ದದ್ದು ‘ತಾನ್’ ಎಂಬ ಒಂದೇ ಶಬ್ದ. ಆದರೆ ಕೇಳಿದ್ದು ಬಹುಪಾಲು ಅರ್ಥವಾಗುತ್ತಿತ್ತು. ಈ ಆಸ್ಪತ್ರೆಗೆ ಬಂದು ಎಷ್ಟು ವರ್ಷವಾಯಿತು ಎಂದು ಬ್ರೋಕಾ ಕೇಳಿದಾಗ ಆತ ಐದು ಬೆರಳೂ ಬಿಡಿಸಿ ನಾಲ್ಕು ಸಲ ತೋರಿಸಿದ, ಆಮೇಲೆ ಒಂದು ಬೆರಳು. 21 ವರ್ಷ, ಲೆಕ್ಕ ಸರಿಯಾಗಿತ್ತು. ಮಾರನೆಯ ದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಮೂರನೆಯ ಸಲ ಕೇಳಿದಾಗ ತನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದು ಆತನಿಗೆ ಹೊಳೆಯಿತು. ಸಿಟ್ಟು ಬಂತು, ಸಿಟ್ಟಿನಲ್ಲಿ ಒಂದು ಬೈಗುಳ ಸಲೀಸಾಗಿ ಹೊರಬಂತು. ಮಾತು ಹೋದವರಿಗೆ ಬುದ್ಧಿ ಹೋಗಿದೆ ಎಂದುಕೊಳ್ಳಬಾರದು ಅನ್ನುವುದಕ್ಕೆ ಇದಕ್ಕಿಂತ ಚೆನ್ನಾದ ಸಾಕ್ಷಿ ನನಗೆ ಗೊತ್ತಿಲ್ಲ. ಗೊತ್ತಿರುವುದನ್ನೇ ಮತ್ತೆ ಮತ್ತೆ ಕೇಳಿದರೆ ಅವರಿಗೆ ಅವಮಾನವಾಗುತ್ತದೆ ಅನ್ನುವುದಕ್ಕೂ ಇದೇ ಸಾಕ್ಷಿ.

ಈಗ ‘ಅಲ್ಲ’ದ ವಿಷಯಕ್ಕೆ ಬರೋಣ. ಮನೆಯವರ ಊಹೆಗೆ ಬರುವ ‘ಅಲ್ಲ’ ಮುಖ್ಯವಾಗಿ ಎರಡು ಬಗೆಯದು. ಮೊದಲನೆಯದರಲ್ಲಿ ನೀವು ಹುಡುಕುತ್ತಿರುವ ಜಾಗ ಸರಿ, ಎತ್ತಿದ ವಸ್ತು ತಪ್ಪು. ಎರಡನೆಯದರಲ್ಲಿ ಜಾಗವೇ ತಪ್ಪು.

ಮೊದಲನೆಯದಕ್ಕೆ ಒಂದು ಒಳ್ಳೆಯ ಉದಾಹರಣೆ ಅಮೆರಿಕದ ಚಾರ್ಲ್ಸ್ ಗುಡ್ವಿನ್ ಅವರ ಅಧ್ಯಯನದಲ್ಲಿದೆ. ಜನ ಒಬ್ಬರೊಡನೊಬ್ಬರು ಹೇಗೆ ಮಾತಾಡುತ್ತಾರೆ ಎಂಬುದನ್ನು ವೀಡಿಯೊ ಹಿಡಿದು ಕ್ಷಣಕ್ಷಣವಾಗಿ ಗಮನಿಸುತ್ತಿದ್ದ ವಿದ್ವಾಂಸರು ಅವರು. 1995ರ ಒಂದು ಲೇಖನದಲ್ಲಿ ‘ಚಿಲ್’ ಎಂಬ ವ್ಯಕ್ತಿಯ ಬಗ್ಗೆ ಬರೆದರು. ಲಕ್ವದ ನಂತರ ಚಿಲ್‌ಗೆ ಉಳಿದದ್ದು ಮೂರೇ ಪದ: ‘ಹೌದು’, ‘ಅಲ್ಲ’, ‘ಮತ್ತು’ ಅನ್ನುವ ಅರ್ಥದ ಇಂಗ್ಲಿಷ್ ಪದಗಳು. ಅವರು ಗುಡ್ವಿನ್ನರ ತಂದೆಯೇ. ಬೆಳಗಿನ ತಿಂಡಿಯ ಹೊತ್ತು ದಾದಿ, ಬ್ರೆಡ್ಡಿನಂಥ ತಿಂಡಿಯ ಮೇಲೆ ಏನು ಹಚ್ಚಲಿ ಎಂದು ಕೇಳುತ್ತಾಳೆ. ಉತ್ತರ ಬರುವುದಿಲ್ಲ. “ಜೆಲ್ಲಿ?” ಅನ್ನುತ್ತಾಳೆ. “ಅಲ್ಲ.” “ಬೆಣ್ಣೆ?” “ಹೌದು.” ಕೆಲಸ ಮುಗಿಯಿತು. ಅಲ್ಲಿ ‘ಅಲ್ಲ’ ಅಂದದ್ದಕ್ಕೆ ದಾದಿ ತಿಂಡಿಯ ತಟ್ಟೆಯನ್ನೇನೂ ಎತ್ತಿಕೊಂಡು ಹೋಗಲಿಲ್ಲ. ಹಚ್ಚುವ ಪದಾರ್ಥಗಳ ಗುಂಪಿನಲ್ಲೇ ಇನ್ನೊಂದನ್ನು ಹೇಳಿದಳು. ಏನು ಹಚ್ಚಲಿ ಎಂಬ ಪ್ರಶ್ನೆ ಮೊದಲೇ ಬಂದಿದ್ದರಿಂದ ಆ ಒಂದು ಪದಕ್ಕೆ ‘ಇದೇ ಗುಂಪಿನಲ್ಲಿ ಬೇರೆಯದು’ ಎಂಬ ಪೂರ್ತಿ ಅರ್ಥ ಬಂತು. ಅರ್ಥದ ಅರ್ಧ ಕೆಲಸವನ್ನು ದಾದಿಯ ಪ್ರಶ್ನೆ ಮಾಡಿತ್ತು.

ಎರಡನೆಯ ಬಗೆಯ ‘ಅಲ್ಲ’ ಬಂದಾಗ ನಾವು ಎಡವುತ್ತೇವೆ. ನೀರು ಅಲ್ಲ ಅಂದರೆ ಮಜ್ಜಿಗೆ, ಮಜ್ಜಿಗೆ ಅಲ್ಲ ಅಂದರೆ ಎಳನೀರು, ಅದೂ ಅಲ್ಲ ಅಂದರೆ ಗಂಜಿ. ಅವರ ಮನಸ್ಸಿನಲ್ಲಿರುವುದು ಕುಡಿಯುವ ವಿಷಯವೇ ಅಲ್ಲದಿದ್ದರೆ ಈ ಪಟ್ಟಿ ಎಷ್ಟು ಉದ್ದ ಹೋದರೂ ಪ್ರಯೋಜನವಿಲ್ಲ. ಬೇರೆ ಊರಿನಲ್ಲಿ ಬಸ್ಸಿಳಿದು ವಿಳಾಸ ಕೇಳಿಕೊಂಡು ಮನೆಮನೆ ಬಾಗಿಲು ತಟ್ಟಿದ ಹಾಗೆ. ಪಕ್ಕದ ಮನೆಗೆ ಹೋಗುವ ಮುಂಚೆ ಊರು ಸರಿಯೇ ಎಂದು ಕೇಳಬೇಕು.

ಇದರಲ್ಲಿ ಸಣ್ಣ ಲೆಕ್ಕವೂ ಇದೆ. ಅವರು ಹೇಳಬಯಸಿದ್ದು 16 ಸಂಗತಿಗಳಲ್ಲಿ ಒಂದು ಎಂದುಕೊಳ್ಳಿ. ಒಂದೊಂದಾಗಿ ಊಹಿಸುತ್ತಾ ಹೋದರೆ ಸಾಮಾನ್ಯವಾಗಿ ಎಂಟರ ಸುಮಾರಿಗೆ ಸಿಗುತ್ತದೆ, ಅದೃಷ್ಟವಿಲ್ಲದಿದ್ದರೆ ಹದಿನೈದಕ್ಕೆ. ಪ್ರತಿ ಪ್ರಶ್ನೆಯೂ ಉಳಿದದ್ದನ್ನು ಅರ್ಧಕ್ಕೆ ಇಳಿಸುವಂತಿದ್ದರೆ ನಾಲ್ಕು ಪ್ರಶ್ನೆ ಸಾಕು. ‘ಮಜ್ಜಿಗೆನಾ?’ ಅಂದದ್ದಕ್ಕೆ ‘ಅಲ್ಲ’ ಬಂದರೆ ಹೋದದ್ದು ಒಂದೇ ಸಂಗತಿ. ‘ತಿನ್ನೋದು ಕುಡಿಯೋದರ ವಿಷಯನಾ?’ ಅಂದದ್ದಕ್ಕೆ ‘ಅಲ್ಲ’ ಬಂದರೆ ಅಡುಗೆಮನೆಯೇ ಲೆಕ್ಕದಿಂದ ಹೋಯಿತು. ಆದರೆ ಇಲ್ಲಿ ಒಂದು ಮಿತಿ ಇದೆ, ಲೆಕ್ಕದ ಹುಮ್ಮಸ್ಸಿನಲ್ಲಿ ಅದನ್ನು ಮರೆಯಬಾರದು. ಅಫೇಸಿಯಾ ಇರುವವರಿಗೆ ಉದ್ದದ ವಾಕ್ಯ ಅರ್ಥವಾಗುವುದೂ ಕಷ್ಟ. ಅರ್ಧಕ್ಕೆ ಇಳಿಸುವ ಜಾಣ ಪ್ರಶ್ನೆ ಹತ್ತು ಪದ ಉದ್ದವಿದ್ದರೆ ಅವರು ದಾರಿಯಲ್ಲೇ ಕಳೆದುಹೋಗುತ್ತಾರೆ. ಪ್ರಶ್ನೆ ಅಗಲವಾಗಿರಬೇಕು, ಆದರೆ ಮೂರು ನಾಲ್ಕು ಪದದಲ್ಲಿ ಮುಗಿಯಬೇಕು.

ಎಲ್ಲಕ್ಕಿಂತ ಅಗಲವಾದ ಪ್ರಶ್ನೆಯನ್ನು ಮನೆಯವರು ಕೇಳುವುದೇ ಇಲ್ಲ. ಹಾಸಿಗೆ ಹಿಡಿದವರು ಬಾಯಿ ತೆರೆದರೆ ಅವರಿಗೆ ಏನೋ ಬೇಕು ಎಂದೇ ನಾವು ತಿಳಿಯುತ್ತೇವೆ. ಆರೈಕೆ ಮಾಡುವವರ ಮನಸ್ಸು ಸಹಜವಾಗಿ ಅತ್ತಲೇ ಓಡುತ್ತದೆ. ಆದರೆ ಮನುಷ್ಯರು ಮಾತಾಡುವುದು ಬೇಕು-ಬೇಡಗಳಿಗೆ ಮಾತ್ರವೇ? ಅವರು ಏನನ್ನೋ ವಿಚಾರಿಸುತ್ತಿರಬಹುದು, ನಮಗೆ ಗೊತ್ತಿಲ್ಲದ್ದನ್ನು ಹೇಳುತ್ತಿರಬಹುದು, ಹಳೆಯದೊಂದನ್ನು ನೆನೆಸಿಕೊಂಡಿರಬಹುದು, ಯಾರ ಮೇಲೋ ದೂರುತ್ತಿರಬಹುದು. ಆದ್ದರಿಂದ ಎರಡು ಮೂರು ಊಹೆಗೆ ‘ಅಲ್ಲ’ ಬಂದ ಕೂಡಲೆ ಕೇಳಬೇಕಾದದ್ದು “ಏನಾದ್ರೂ ಬೇಕಾ?” ಎಂದು. ಅದಕ್ಕೂ ಅಲ್ಲ ಅಂದರೆ “ಏನೋ ಕೇಳ್ತಿದ್ದೀರಾ?”, ಆಮೇಲೆ “ಏನೋ ಹೇಳ್ಬೇಕಾ?”. ಈ ಮೂರು ಪ್ರಶ್ನೆಗಳಿಗೆ ಒಂದು ನಿಮಿಷವೂ ಬೇಕಾಗುವುದಿಲ್ಲ.

ಒಂದು ಮನೆಯನ್ನು ಕಲ್ಪಿಸಿಕೊಂಡು ಇದನ್ನು ಹಂತಹಂತವಾಗಿ ನೋಡೋಣ. ತಿಪಟೂರಿನ ಕಡೆಯ ತೆಂಗಿನ ತೋಟದ ಮನೆ ಅಂದುಕೊಳ್ಳಿ. ತಂದೆಗೆ ಲಕ್ವ ಹೊಡೆದು ಮೂರು ತಿಂಗಳಾಗಿದೆ. ಬಲಗೈ ಏಳುವುದಿಲ್ಲ. ‘ಅದು’, ‘ಅಲ್ಲ’, ‘ಹೂಂ’ ಮತ್ತು ಹೆಂಡತಿಯ ಹೆಸರು ಬಿಟ್ಟರೆ ಮಾತಿಲ್ಲ. ಮಧ್ಯಾಹ್ನ ಜಗಲಿಯ ಮೇಲೆ ಕೂತವರು ಎಡಗೈಯಿಂದ ಗೇಟಿನ ಕಡೆ ತೋರಿಸಿ “ಅದು… ಅದು…” ಅನ್ನುತ್ತಾರೆ. ಹೊರಗೆ ಹೋಗಬೇಕಾ ಎಂದು ಮಗಳು ಕೇಳುತ್ತಾಳೆ. ಅಲ್ಲ. ಗೇಟು ಹಾಕಬೇಕಾ? ಅಲ್ಲ. ಬಿಸಿಲಾಯ್ತಾ, ಒಳಗೆ ಹೋಗೋಣ್ವಾ? “ಅಲ್ಲ! ಅದು!” ಒಳಗಿಂದ ತಾಯಿ ಬಂದು “ರೀ, ಮಲಗ್ತೀರಾ?” ಅನ್ನುತ್ತಾರೆ, ಅಷ್ಟರಲ್ಲಿ ಮೊಮ್ಮಗ ನೀರು ತಂದು ಹಿಡಿದಿರುತ್ತಾನೆ. ಮೂವರ ಪ್ರಶ್ನೆ ಒಟ್ಟಿಗೆ ಬಂದು ತಂದೆಯ ‘ಅಲ್ಲ’ ಯಾರಿಗೆ ಹೇಳಿದ್ದು ಅನ್ನುವುದೇ ತಿಳಿಯದಾಗುತ್ತದೆ.

ಮಗಳು ಇಲ್ಲಿ ನಿಲ್ಲಿಸುತ್ತಾಳೆ. ಉಳಿದಿಬ್ಬರನ್ನು ಸುಮ್ಮನಿರಲು ಹೇಳಿ, ತಂದೆಗೆ ಕಾಣುವ ಹಾಗೆ ಎದುರು ಕೂರುತ್ತಾಳೆ. “ಅಪ್ಪ, ನನಗೆ ಗೊತ್ತಾಗ್ತಿಲ್ಲ. ನಿನಗೆ ಗೊತ್ತಿದೆ. ಮೊದಲಿಂದ ನೋಡೋಣ.” ಆಮೇಲೆ ಒಂದೊಂದೇ ಪ್ರಶ್ನೆ. “ನೋವಾ?” ಅಲ್ಲ. ನೋವು, ಉಸಿರು, ಪಾಯಖಾನೆ, ಈ ಮೂರು ಅವಸರದವು, ಆದ್ದರಿಂದ ಮೇಲಿನಿಂದ ಕೆಳಗಿಳಿಯುವ ಕ್ರಮಕ್ಕೂ ಮುಂಚೆ ಇವನ್ನು ಕೇಳಿ ಮುಗಿಸಬೇಕು. “ಏನಾದ್ರೂ ಬೇಕಾ?” ಅಲ್ಲ. “ಏನೋ ಕೇಳ್ತಿದ್ದೀಯಾ?” ತಂದೆ ತಟ್ಟನೆ ತಲೆಯೆತ್ತಿ “ಹೂಂ, ಹೂಂ” ಅನ್ನುತ್ತಾರೆ. ಇಷ್ಟು ಹೊತ್ತು ಹುಡುಕಿದ್ದೆಲ್ಲ ‘ಬೇಕು’ಗಳ ಪಟ್ಟಿಯಲ್ಲಿ, ವಿಷಯ ಇದ್ದದ್ದು ಆ ಪಟ್ಟಿಯ ಹೊರಗೆ.

“ಮನೆಯವರ ವಿಷಯನಾ?” ಅಲ್ಲ. “ಹೊರಗಿನವರಾ?” ಹೂಂ. “ತೋಟಕ್ಕೆ ಬರೋರಾ?” ಹೂಂ, ಮತ್ತೆ ಗೇಟಿನ ಕಡೆ ಕೈ. ಗೇಟು ತೋರಿಸಿದ್ದರ ಅರ್ಥ ಈಗ ತಿಳಿಯುತ್ತದೆ: ಬೆಳಿಗ್ಗೆ ಆ ಗೇಟಿನಿಂದ ಹೋದವರು. ಮಗಳು ಒಂದು ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಮೂರು ಪದ ಬರೆಯುತ್ತಾಳೆ, ಒಂದರ ಕೆಳಗೊಂದು: ‘ಕಾಯಿ’, ‘ಕೂಲಿ’, ‘ಮೋಟರ್’. ನಾಲ್ಕನೆಯದಾಗಿ ಒಂದು ದೊಡ್ಡ ಪ್ರಶ್ನೆ ಚಿಹ್ನೆ, ಅಂದರೆ ಇವ್ಯಾವುದೂ ಅಲ್ಲ. ತಂದೆಯ ಬೆರಳು ಕೂಲಿಯ ಮೇಲೆ ನಿಲ್ಲುತ್ತದೆ. “ಕಾಯಿ ಕಿತ್ತೋರಿಗೆ ದುಡ್ಡು ಕೊಟ್ರಾ ಅಂತ ಕೇಳ್ತಿದ್ದೀಯಾ?” “ಹೂಂ!” ಇಲ್ಲಿಗೇ ಮುಗಿಯಿತು ಎಂದು ಮಗಳು ಎದ್ದು ಹೋಗುವುದಿಲ್ಲ. ತಿರುಗಿಸಿ ಕೇಳುತ್ತಾಳೆ: “ಕೊಡಬೇಡ ಅಂತ ಹೇಳ್ತಿದ್ದೀಯಾ?” “ಅಲ್ಲ.” ಎರಡೂ ಉತ್ತರ ಒಂದಕ್ಕೊಂದು ಹೊಂದಿಕೊಂಡವು. “ಬೆಳಿಗ್ಗೆನೇ ಕೊಟ್ಟಿದ್ದೀನಿ ಅಪ್ಪ.” ತಂದೆಯ ಭುಜ ಸಡಿಲವಾಗುತ್ತದೆ.

ಇದರಲ್ಲಿ ಎರಡು ಸಣ್ಣ ಸಂಗತಿಗಳನ್ನು ಬಿಡಿಸಿ ಹೇಳಬೇಕು. ಪದಗಳನ್ನು ಒಂದರ ಕೆಳಗೊಂದು ಬರೆದದ್ದು ಸುಮ್ಮನೆ ಅಲ್ಲ. ಎಡಮೆದುಳಿಗೆ ಪೆಟ್ಟಾದ ಹಲವರಿಗೆ ಎರಡೂ ಕಣ್ಣಿನಲ್ಲಿ ಬಲಗಡೆಯ ನೋಟ ಹೋಗಿರುತ್ತದೆ. ಅಡ್ಡಸಾಲಿನಲ್ಲಿ ಬರೆದರೆ ಬಲತುದಿಯ ಪದ ಅವರ ಪಾಲಿಗೆ ಇಲ್ಲವೇ ಇಲ್ಲ. ಚಿತ್ರಗಳನ್ನು ಹರಡಿಟ್ಟು “ಇದ್ರಲ್ಲಿ ಯಾವುದು?” ಎಂದಾಗ ಎಲ್ಲದಕ್ಕೂ ‘ಅಲ್ಲ’ ಬರುತ್ತಿದ್ದರೆ, ಸರಿಯಾದ ಚಿತ್ರ ಬಲಗಡೆ ಕಾಣದ ಜಾಗದಲ್ಲಿ ಬಿದ್ದಿರಬಹುದು. ಹಾಳೆಯನ್ನು ಸ್ವಲ್ಪ ಎಡಕ್ಕೆ ಸರಿಸಿ ನೋಡಿ. ಪ್ರಶ್ನೆ ಚಿಹ್ನೆ ಬರೆಯುವುದೂ ಅಷ್ಟೇ ಮುಖ್ಯ. ಅದಿಲ್ಲದಿದ್ದರೆ ಇರುವ ಮೂರರಲ್ಲಿ ಒಂದನ್ನು ಒಪ್ಪಿಕೊಳ್ಳುವಂತೆ ಅವರನ್ನು ಒತ್ತಾಯ ಮಾಡಿದಂತಾಗುತ್ತದೆ. ಎಷ್ಟೋ ಜನ ದಣಿದು ಯಾವುದಕ್ಕಾದರೂ ಹೂಂ ಅಂದುಬಿಡುತ್ತಾರೆ.

‘ಹತ್ತಿರ ಬಂದಿದ್ದೀವಾ?’ ಎಂದು ಕೇಳಬಹುದು ಅನ್ನುವುದೂ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಊಹೆಗೆ ‘ಅಲ್ಲ’ ಬಂದಾಗ ಎರಡೂ ಕೈಯನ್ನು ಹತ್ತಿರ ತಂದು, ಆಮೇಲೆ ದೂರ ಮಾಡಿ ತೋರಿಸಿ “ಹತ್ರನಾ?” ಎಂದು ಕೇಳಿದರೆ ಜಾಗ ತಪ್ಪೋ ವಸ್ತು ತಪ್ಪೋ ಎಂಬುದು ನೇರವಾಗಿಯೇ ತಿಳಿಯುತ್ತದೆ. ಕೇಳದೆಯೂ ಕೆಲವೊಮ್ಮೆ ಗೊತ್ತಾಗುತ್ತದೆ. ವಸ್ತು ಮಾತ್ರ ತಪ್ಪಿದಾಗ ‘ಅಲ್ಲ’ ನಿಧಾನವಾಗಿ, ಎಳೆದು ಬರುವುದುಂಟು, ಕಣ್ಣು ನಿಮ್ಮ ಮೇಲೇ ಇರುತ್ತದೆ, ಕೈ ‘ಮುಂದೆ ಹೇಳು’ ಅನ್ನುವಂತೆ ಆಡುತ್ತದೆ. ಜಾಗವೇ ತಪ್ಪಿದಾಗ ‘ಅಲ್ಲ ಅಲ್ಲ ಅಲ್ಲ’ ಎಂದು ಚುರುಕಾಗಿ ಬಂದು, ಮುಖ ಆಚೆ ತಿರುಗುತ್ತದೆ, ಅಥವಾ ಕೈ ಮತ್ತೆ ಮೊದಲು ತೋರಿಸಿದ್ದ ಕಡೆಗೇ ಹೋಗುತ್ತದೆ. ಇದು ಒಬ್ಬೊಬ್ಬರಲ್ಲಿ ಒಂದೊಂದು ಥರ, ನಿಮ್ಮ ಮನೆಯವರ ರೀತಿಯನ್ನು ನೀವೇ ಗುರುತಿಸಿಕೊಳ್ಳಬೇಕು.

ಇಷ್ಟೆಲ್ಲ ಹೇಳಿದ್ದು ಅವರ ‘ಅಲ್ಲ’ ನಿಜವಾಗಿ ‘ಅಲ್ಲ’ವೇ ಆಗಿದೆ ಎಂದು ನಂಬಿಕೊಂಡು. ಆ ನಂಬಿಕೆಯನ್ನು ಪರೀಕ್ಷಿಸಿಕೊಳ್ಳಲೇಬೇಕು. ಕೆಲವರಲ್ಲಿ ಹೌದು ಅನ್ನಬೇಕಾದಲ್ಲಿ ಬಾಯಿ ಅಲ್ಲ ಅಂದುಬಿಡುತ್ತದೆ. ತಲೆ ಹೌದೆಂದು ಆಡುತ್ತಿರುತ್ತದೆ, ನಾಲಿಗೆ ಅಲ್ಲ ಅನ್ನುತ್ತಿರುತ್ತದೆ. ‘ಅಲ್ಲ’ ಅನ್ನಬೇಕಾದ ಕಡೆ ‘ಬೇಡ’ ಬರುವುದೂ ಉಂಟು. ಅದನ್ನು ಕೇಳಿ ಊಟವನ್ನೇ ಬೇಡ ಅಂದರು ಎಂದು ತಟ್ಟೆ ಎತ್ತಿಟ್ಟುಬಿಡುತ್ತೇವೆ. ಅಫೇಸಿಯಾ ಅಳೆಯಲು ಪ್ರಪಂಚದಾದ್ಯಂತ ಬಳಸುವ ಒಂದು ಪರೀಕ್ಷೆಯಲ್ಲಿ ಬರೀ ಹೌದು-ಅಲ್ಲ ಎಂದು ಉತ್ತರಿಸಬೇಕಾದ 20 ಪ್ರಶ್ನೆಗಳ ಒಂದು ಭಾಗವೇ ಇದೆ. ಆ ಪರೀಕ್ಷೆ ಕನ್ನಡದಲ್ಲೂ ಇದೆ. ಮನೆಯಲ್ಲಿ ಅಷ್ಟು ಬೇಕಿಲ್ಲ. ಉತ್ತರ ನಿಮಗೆ ಖಚಿತವಾಗಿ ಗೊತ್ತಿರುವ ಹತ್ತು ಪ್ರಶ್ನೆ ಸಾಕು, ಐದಕ್ಕೆ ಹೌದು, ಐದಕ್ಕೆ ಅಲ್ಲ ಬರುವಂಥವು. “ಈಗ ರಾತ್ರಿನಾ?”, “ಇದು ನಮ್ಮ ಮನೇನಾ?”, “ಮಗ ಬೆಂಗಳೂರಲ್ಲಿದ್ದಾನಾ?” ಹೀಗೆ. ಎಲ್ಲದಕ್ಕೂ ‘ಅಲ್ಲ’ ಅಂದರೂ ಐದು ಸರಿಯಾಗುತ್ತದೆ. ಆದ್ದರಿಂದ ಐದಾರು ಸರಿ ಬಂದರೆ ಅದರಿಂದ ಏನೂ ತಿಳಿಯಲಿಲ್ಲ. ಎಂಟೊಂಬತ್ತು ಬಂದರೆ ಅವರ ‘ಅಲ್ಲ’ವನ್ನು ಹೆಚ್ಚುಕಡಿಮೆ ನಂಬಬಹುದು. ಒಂದೇ ಸಲ ಕೂರಿಸಿ ಪರೀಕ್ಷೆ ಮಾಡಬೇಡಿ, ದಿನದ ಮಾತಿನ ನಡುವೆ ಅಲ್ಲೊಂದು ಇಲ್ಲೊಂದು ಕೇಳಿ. ಲೆಬೋರ್ನ್‌ಗೆ ಮೂರನೆಯ ಸಲ ಬಂದ ಸಿಟ್ಟು ನಿಮ್ಮ ತಂದೆಗೂ ಬರುತ್ತದೆ.

ಬಾಯಿಮಾತು ನಂಬುವಂತಿಲ್ಲ ಎಂದು ಕಂಡರೆ ಬೇರೆ ದಾರಿ ಮಾಡಿಕೊಳ್ಳಬೇಕು. ಎಡಗೈ ಹೆಬ್ಬೆರಳು ಮೇಲೆ ಮಾಡಿದರೆ ಹೌದು, ಕೆಳಗೆ ಮಾಡಿದರೆ ಅಲ್ಲ. ಅಥವಾ ಒಂದು ರಟ್ಟಿನ ಮೇಲ್ಭಾಗದಲ್ಲಿ ✓, ಕೆಳಭಾಗದಲ್ಲಿ ✗ ಬರೆದು ಮುಟ್ಟಿಸುವುದು. ತಲೆಯಾಡಿಸುವುದನ್ನು ಮಾತ್ರ ನೆಚ್ಚಬೇಡಿ. ನಾವು ಒಪ್ಪಿಗೆಗೂ ತಲೆಯನ್ನು ಪಕ್ಕಕ್ಕೆ ತೂಗುತ್ತೇವೆ. ಆರೋಗ್ಯವಾಗಿರುವವರಲ್ಲಿ ಅದು ಸ್ಪಷ್ಟ, ಕುತ್ತಿಗೆ ಸೋತವರಲ್ಲಿ ಆ ತೂಗಾಟಕ್ಕೂ ಅಲ್ಲ ಎಂಬ ಅಲುಗಾಟಕ್ಕೂ ವ್ಯತ್ಯಾಸ ಉಳಿಯುವುದಿಲ್ಲ.

ತಪ್ಪು ನಮ್ಮ ಪ್ರಶ್ನೆಯಲ್ಲೂ ಇರುತ್ತದೆ. “ಊಟ ಬೇಡ್ವಾ?”, “ಮಾತ್ರೆ ತಗೊಂಡಿಲ್ವಾ?” ಎಂದು ಕೇಳುವುದು ನಮಗೆ ಬಹಳ ರೂಢಿ. ಅದಕ್ಕೆ ‘ಹೂಂ’ ಅಂದರೆ ಏನರ್ಥ? ಹೂಂ, ಬೇಡ ಅಂತಲೋ, ಹೂಂ, ಬೇಕು ಅಂತಲೋ? ಮಾತು ಬರುವವರು ಇನ್ನೆರಡು ಪದ ಸೇರಿಸಿ ಸರಿಮಾಡುತ್ತಾರೆ, ಇವರಿಗೆ ಆ ಅವಕಾಶವಿಲ್ಲ. “ನೀರಾ, ಕಾಫಿನಾ?” ಎಂದು ಜೋಡಿಸಿ ಕೇಳಿದರೂ ಹೌದು-ಅಲ್ಲಗಳಲ್ಲಿ ಉತ್ತರಿಸಲಾಗುವುದಿಲ್ಲ, ಆಗ ಬರುವ ‘ಅಲ್ಲ’ಕ್ಕೆ ‘ಹೀಗೆ ಕೇಳಬೇಡ’ ಎಂದೂ ಅರ್ಥವಿರಬಹುದು. ಒಂದು ಸಲಕ್ಕೆ ಒಂದು ಸಂಗತಿ, ಅದೂ ನೇರವಾಗಿ: “ಊಟ ಬೇಕಾ?” ಕೇಳಿದ ಮೇಲೆ ಮನಸ್ಸಿನಲ್ಲೇ ನಿಧಾನವಾಗಿ ಹತ್ತು ಎಣಿಸಿ. ಪ್ರಶ್ನೆ ಅರ್ಥವಾಗಲು, ಉತ್ತರ ಹೊರಡಲು ಅವರಿಗೆ ಅಷ್ಟು ಹೊತ್ತು ಬೇಕಾಗುತ್ತದೆ. ಅಷ್ಟರಲ್ಲಿ ಎರಡನೆಯ ಪ್ರಶ್ನೆ ಹಾಕಿದರೆ, ಮೊದಲನೆಯದಕ್ಕೆ ಬಂದ ‘ಅಲ್ಲ’ ಎರಡನೆಯದರ ಲೆಕ್ಕಕ್ಕೆ ಹೋಗುತ್ತದೆ.

ಇನ್ನೊಂದು ತೊಡಕು, ಪದ ಅಂಟಿಕೊಳ್ಳುವುದು. ಒಮ್ಮೆ ‘ಅಲ್ಲ’ ಅಂದ ಮೇಲೆ ಮೆದುಳು ಅದನ್ನು ಬಿಡದೆ, ಮುಂದಿನ ನಾಲ್ಕು ಪ್ರಶ್ನೆಗೂ ಅದೇ ಹೊರಬರುತ್ತದೆ. ಗುರುತಿಸುವ ಬಗೆ: ನಿಮ್ಮ ಪ್ರಶ್ನೆ ಮುಗಿಯುವ ಮುಂಚೆಯೇ ಉತ್ತರ ಬರುತ್ತದೆ, ಪ್ರತಿ ಸಲವೂ ಅದೇ ಧಾಟಿ, ಅದೇ ವೇಗ. ಅನುಮಾನ ಬಂದರೆ “ನಿನ್ನ ಹೆಸರು ಇದೇ ತಾನೆ?” ಎಂದು ನಿಜವಾದ ಹೆಸರು ಹೇಳಿ ನೋಡಿ. ಅದಕ್ಕೂ ‘ಅಲ್ಲ’ ಬಂದರೆ ಹಿಂದಿನ ನಾಲ್ಕು ಉತ್ತರಗಳನ್ನೂ ಲೆಕ್ಕದಿಂದ ತೆಗೆದುಹಾಕಿ. ಒಂದೆರಡು ನಿಮಿಷ ಸುಮ್ಮನಿದ್ದು, ಬೇರೆ ಏನಾದರೂ ಮಾಡಿ, ಆಮೇಲೆ ಮೇಲಿನಿಂದ ಶುರುಮಾಡಿ. ಇಷ್ಟು ದಿನ ನಂಬುವಂತಿದ್ದ ಉತ್ತರಗಳು ಇದ್ದಕ್ಕಿದ್ದಂತೆ ಪೂರ್ತಿ ಕೆಟ್ಟರೆ, ಅಥವಾ ಹೊಸದಾಗಿ ಮುಖ ಸೊಟ್ಟಗಾಗಿ ಕೈ ಸೋತರೆ, ಇದಾವುದನ್ನೂ ಮಾಡುತ್ತಾ ಕೂರಬಾರದು. ಅದು ಮತ್ತೊಂದು ಲಕ್ವ ಇರಬಹುದು. ರಕ್ತದ ಹೆಪ್ಪು ಕರಗಿಸುವ ಔಷಧಿ ಕೊಡಬಹುದಾದದ್ದು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ, ಕೂಡಲೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಈ ಕ್ರಮ ಎಲ್ಲರಲ್ಲೂ ಕೆಲಸ ಮಾಡುವುದಿಲ್ಲ. ಕೇಳಿದ್ದು ಅರ್ಥವಾಗುವುದೇ ಮುಖ್ಯವಾಗಿ ಕೆಟ್ಟಿರುವ ಅಫೇಸಿಯಾ ಒಂದಿದೆ. ಅವರು ಸರಾಗವಾಗಿ ಮಾತಾಡುತ್ತಾರೆ, ಮಾತಿಗೆ ಅರ್ಥ ಸಿಗುವುದಿಲ್ಲ, ತಾವು ತಪ್ಪುತ್ತಿದ್ದೇವೆ ಎಂಬುದೂ ಅನೇಕರಿಗೆ ತಿಳಿಯುವುದಿಲ್ಲ. ಅವರ ಹೌದು-ಅಲ್ಲಗಳ ಮೇಲೆ ಹುಡುಕಾಟ ಕಟ್ಟಲಾಗುವುದಿಲ್ಲ. ವಸ್ತುವನ್ನೇ ಕಣ್ಣೆದುರು ತಂದು ತೋರಿಸುವುದು, ಸನ್ನೆ ಮಾಡುವುದು, ಚಿತ್ರ ಬರೆಯುವುದು, ಇವೇ ಅಲ್ಲಿ ನಡೆಯುವ ದಾರಿ.

ಕೇಳುವ ಬಗೆ ಬದಲಾದರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಕೆನಡಾದ ಟೊರಾಂಟೊದಲ್ಲಿ ಆರಾ ಕೇಗನ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. 40 ಸ್ವಯಂಸೇವಕರಲ್ಲಿ 20 ಮಂದಿಗೆ ಅಫೇಸಿಯಾ ಇರುವವರೊಂದಿಗೆ ಮಾತಾಡುವ ಬಗೆಯನ್ನು ಕಲಿಸಿದರು: ಪದ ಬರೆದು ತೋರಿಸುವುದು, ಸನ್ನೆ, ಅರ್ಥವಾದದ್ದನ್ನು ತಿರುಗಿ ಹೇಳಿ ಖಚಿತಪಡಿಸಿಕೊಳ್ಳುವುದು, ‘ನಿಮಗೆ ಗೊತ್ತಿದೆ ಅಂತ ನನಗೆ ಗೊತ್ತು’ ಎಂದು ಬಾಯಿಬಿಟ್ಟು ಹೇಳುವುದು. ಉಳಿದ 20 ಮಂದಿಗೆ ಕಲಿಸಲಿಲ್ಲ. ಕಲಿತವರು ಚೆನ್ನಾಗಿ ಮಾತಾಡಿಸಿದರು, ಅದು ನಿರೀಕ್ಷೆಯಂತೆಯೇ. ಆದರೆ ಅವರೊಂದಿಗೆ ಕೂತ ಅಫೇಸಿಯಾ ಇದ್ದವರೂ, ತಮಗೆ ಯಾವ ತರಬೇತಿಯೂ ಇಲ್ಲದೆ, ಹೇಳಬೇಕಾದ್ದನ್ನು ಹೆಚ್ಚು ಚೆನ್ನಾಗಿ ತಲುಪಿಸಿದರು.

ಎಷ್ಟು ಮಾಡಿದರೂ ಸಿಗದ ದಿನಗಳಿರುತ್ತವೆ. ಆಗ ಅರ್ಥವಾದಂತೆ ತಲೆಯಾಡಿಸಿ ಸಾಗಹಾಕುವುದು ಅತ್ಯಂತ ಕೆಟ್ಟದ್ದು. ನೀವು ನಟಿಸುತ್ತಿದ್ದೀರಿ ಎಂದು ಅವರಿಗೆ ಗೊತ್ತಾಗುತ್ತದೆ, ಮುಂದಿನ ಸಲ ಪ್ರಯತ್ನವನ್ನೇ ಬಿಡುತ್ತಾರೆ. “ಈಗ ನನಗೆ ಹೊಳೀತಿಲ್ಲ, ಸಂಜೆ ಮತ್ತೆ ನೋಡೋಣ” ಎಂದು ಹೇಳಿ, ಸಂಜೆ ನೀವಾಗಿಯೇ ಆ ಮಾತು ತೆಗೆಯಿರಿ. ಅದಕ್ಕಾಗಿ ಒಂದು ಚಿಕ್ಕ ನೋಟ್‌ಪುಸ್ತಕ ಇಟ್ಟುಕೊಳ್ಳುವುದು ಒಳ್ಳೆಯದು. ಗೇಟು ತೋರಿಸಿದರು, ಬೇಕಾದದ್ದಲ್ಲ, ಕೇಳುತ್ತಿರುವುದು, ಹೊರಗಿನವರ ವಿಷಯ, ಹೆಂಗಸಲ್ಲ, ಹೀಗೆ ಎಲ್ಲಿಯವರೆಗೆ ಬಂದಿರಿ ಎಂದು ಬರೆದಿಟ್ಟರೆ ಸಂಜೆ ಮನೆಗೆ ಬಂದ ಮಗ ‘ನೀರು ಬೇಕಾ’ದಿಂದ ಮತ್ತೆ ಶುರುಮಾಡಬೇಕಾಗುವುದಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೋ, ಬೆಂಗಳೂರಿನ ನಿಮ್ಹಾನ್ಸ್‌ಗೋ, ನಿಮ್ಮ ಜಿಲ್ಲೆಯ ವಾಕ್ ಚಿಕಿತ್ಸಕರ ಬಳಿಗೋ ಹೋಗುವಾಗ ಅದೇ ಪುಸ್ತಕವನ್ನು ತೆಗೆದುಕೊಂಡು ಹೋಗಿ. ಅವರ ಹೌದು-ಅಲ್ಲಗಳು ಯಾವ ಹೊತ್ತಿನಲ್ಲಿ ನಂಬುವಂತಿವೆ, ಎಷ್ಟು ಪ್ರಶ್ನೆಯಾದ ಮೇಲೆ ಕೆಡುತ್ತವೆ, ಬರೆದ ಪದ ಹೆಚ್ಚು ನೆರವಾಗುತ್ತದೋ ಚಿತ್ರವೋ ಎಂಬುದನ್ನು ಚಿಕಿತ್ಸಕರು ಆ ಪುಟಗಳಿಂದಲೇ ಓದಿಕೊಂಡು, ಎಲ್ಲಿಂದ ಶುರುಮಾಡಬೇಕು ಎಂದು ಹೇಳುತ್ತಾರೆ.